ಬೆನ್ನುಡಿ ಎಲ್ಲಿ ನಿಲ್ಲಬೇಕು?

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ಕ್ಕೆ ಹೊಸದಾಗಿ ಬೆನ್ನುಡಿ ಬರೆಯಬೇಕೆಂದುಕೊಳ್ಳಿ. ಮೊದಲ ಕರಡು ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ‘ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯಿನಿ ಓದಲು ಮೈಸೂರಿಗೆ ಹೋಗುತ್ತಾಳೆ. ಅಲ್ಲಿ ರಾಜನನ್ನು ಪ್ರೀತಿಸುತ್ತಾಳೆ. ನಂತರ...’

ಸಂಪಾದಕರ ಕತ್ತರಿ ಮೊದಲು ಬೀಳಬೇಕಾದದ್ದು ಆ ‘ನಂತರ’ದ ಮೇಲೆ. ಅದು ಬಂತೆಂದರೆ ಬೆನ್ನುಡಿ ಕಥಾಸಾರವಾಗಲು ಹೊರಟಿದೆ ಎಂದರ್ಥ.

ಮಗನ ಸಾವು ಉಳಿಯಬಹುದು. ಕಾದಂಬರಿ ಶುರುವಾಗುವುದೇ ಆ ದುಃಖದಿಂದ, ಓದುಗನಿಗೆ ಅದು ಬೇಗನೆ ತಿಳಿಯುತ್ತದೆ. ಆದರೆ ಕಾತ್ಯಾಯಿನಿಯ ತೀರ್ಮಾನವನ್ನು ಹೇಳಕೂಡದು, ಅದರ ಇಕ್ಕಟ್ಟನ್ನಷ್ಟೇ ಹೇಳಬೇಕು. ತಿದ್ದಿದ ರೂಪ ಹೀಗಿರಬಹುದು: ‘ಗಂಡನನ್ನು ಕಳೆದುಕೊಂಡ ಕಾತ್ಯಾಯಿನಿ ಓದಲು ಹೊರಡುತ್ತಾಳೆ. ಮನೆಯಲ್ಲಿ ಮಗುವಿದೆ, ಧರ್ಮವೇ ಉಸಿರಾದ ಮಾವನಿದ್ದಾರೆ. ಹೊರಗೆ ಅವಳಿಗೆ ಇನ್ನೊಂದು ಬದುಕು ಕಾಣುತ್ತಿದೆ.’ ರಾಜನ ಹೆಸರೂ ಬೇಕಾಗಲಿಲ್ಲ.

ಕೊನೆಯಲ್ಲಿ ಶ್ರೋತ್ರಿಗಳಿಗೆ ತಿಳಿಯುವ ಸಂಗತಿಯ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ‘ಬೆಚ್ಚಿಬೀಳಿಸುವ ಸತ್ಯ’ ಎಂದು ಬರೆದರೂ ಗುಟ್ಟು ಅರ್ಧ ಹೊರಬಿದ್ದಂತೆ: ಓದುಗ ಪುಟಪುಟದಲ್ಲೂ ಅದನ್ನೇ ಹುಡುಕುತ್ತಾನೆ, ಶ್ರೋತ್ರಿಗಳ ನಿಷ್ಠೆಯನ್ನು ಮೊದಲಿನಿಂದಲೇ ಅನುಮಾನದಿಂದ ನೋಡುತ್ತಾನೆ. ಆ ನಿಷ್ಠೆಯನ್ನು ನಂಬದವನಿಗೆ ಕೊನೆಯ ಪೆಟ್ಟು ತಾಗುವುದಿಲ್ಲ.

ತಿದ್ದಿದ ಬೆನ್ನುಡಿಯನ್ನು ಪುಸ್ತಕ ಓದದ ಒಬ್ಬರ ಕೈಗೆ ಕೊಟ್ಟು ‘ಮುಂದೇನಾಗಬಹುದು?’ ಎಂದು ಕೇಳುವುದು ಒಳ್ಳೆಯ ಪರೀಕ್ಷೆ. ಅವರು ಎರಡು ಮೂರು ದಾರಿ ಊಹಿಸಿದರೆ ಸರಿ. ಒಂದೇ ದಾರಿಯನ್ನು ಖಚಿತವಾಗಿ ಹೇಳಿದರೆ, ಯಾವ ಪದ ಆ ಸುಳಿವು ಕೊಟ್ಟಿತೆಂದು ಕೇಳಿ ಅದನ್ನು ತೆಗೆಯಬೇಕು.