ಹದಿನಾಲ್ಕನೇ ದಿನ ಕಚೇರಿಗೆ ಬಂದವರು

ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಕಚೇರಿಗೆ ಹಾಜರಾಗುವವರು ನಮ್ಮಲ್ಲಿ ಬಹಳ. ಸಾವು ಸಂಭವಿಸಿದ ಮನೆಯವರಿಗೆಂದೇ ಖಾಸಗಿ ಕಂಪನಿಗಳು ರಜೆ ಕೊಡಬೇಕೆಂಬ ದೇಶವ್ಯಾಪಿ ಕಾನೂನು ಇಲ್ಲ. ಬ್ರಿಟನ್ನಿನಲ್ಲಿ ಮಗುವನ್ನು ಕಳೆದುಕೊಂಡ ನೌಕರರಿಗೆ 2020ರ ಏಪ್ರಿಲ್‌ನಿಂದ ಎರಡು ವಾರಗಳ ರಜೆ ಹಕ್ಕಾಗಿದೆ. ಇಲ್ಲಿ ಹೆಚ್ಚಿನದೆಲ್ಲ ಮ್ಯಾನೇಜರ್ ಕೈಯಲ್ಲೇ ಇರುತ್ತದೆ.

ಆ ಮ್ಯಾನೇಜರ್ ಸಾಮಾನ್ಯವಾಗಿ ಹೇಳುವುದು, 'ಏನಾದರೂ ಬೇಕಿದ್ದರೆ ಸಂಕೋಚವಿಲ್ಲದೆ ಕೇಳಿ' ಎಂದು. ಮಾತೇನೋ ಒಳ್ಳೆಯದೇ. ಆದರೆ ನಿದ್ದೆಗೆಟ್ಟು ಬಂದವರಿಗೆ ತಮಗೇನು ಬೇಕೆಂದು ಯೋಚಿಸುವುದೇ ಇನ್ನೊಂದು ಕೆಲಸವಾಗುತ್ತದೆ.

ಬೆಂಗಳೂರಿನ ಒಂದು ಲೆಕ್ಕಪತ್ರದ ಕಚೇರಿಯನ್ನು ಊಹಿಸಿಕೊಳ್ಳಿ. ಪತಿಯನ್ನು ಕಳೆದುಕೊಂಡ ಹಿರಿಯ ಅಕೌಂಟೆಂಟ್ 4ನೇ ತಾರೀಕಿಗೆ ಮರಳಿದ್ದಾರೆ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ವಿವರ, 20ಕ್ಕೆ ತೆರಿಗೆಯ ರಿಟರ್ನ್. ಇವು ಸರ್ಕಾರದ ಗಡುವುಗಳು, ಯಾರ ಮನೆಯ ಸಾವಿಗೂ ನಿಲ್ಲುವುದಿಲ್ಲ. ಆದರೆ ಕಕ್ಷಿದಾರರಿಗೆ ಕೊಡುವ ಮಾಸಿಕ ವರದಿಯ ದಿನ ಕಚೇರಿಯೇ ಇಟ್ಟುಕೊಂಡದ್ದು. ಜಾಣ ಮ್ಯಾನೇಜರ್ ಮಾತಿಗೆ ಕೂರುವ ಮೊದಲೇ ಇವೆರಡನ್ನೂ ಬೇರೆ ಮಾಡಿಕೊಂಡಿರುತ್ತಾರೆ.

'ಮೇಡಂ, ಈ ತಿಂಗಳ ರಿಟರ್ನ್‌ಗಳನ್ನು ಬೇರೆಯವರಿಗೆ ವಹಿಸಿದ್ದೇನೆ. ವರದಿ ಹತ್ತು ದಿನ ತಡವಾಗುತ್ತದೆಂದು ಕಕ್ಷಿದಾರರಿಗೆ ನಾನೇ ತಿಳಿಸುತ್ತೇನೆ. ನೀವು ಬ್ಯಾಂಕ್ ತಾಳೆ ನೋಡಿದರೆ ಸಾಕು. ಎರಡು ವಾರ ಮಧ್ಯಾಹ್ನದವರೆಗೆ ಬನ್ನಿ, ಸಂಬಳ ಕಡಿತ ಇಲ್ಲ. ಆಮೇಲೆ ಕೂತು ಮಾತಾಡೋಣ. ಇದು ನಿಮಗೆ ಒಗ್ಗುತ್ತದೆಯೇ?'

ಕೊನೆಯ ಆ ಪ್ರಶ್ನೆ ಬಿಟ್ಟುಹೋಗಬಾರದು. ಮನೆಯ ಮೌನಕ್ಕಿಂತ ಕಚೇರಿಯ ಗದ್ದಲವೇ ವಾಸಿ ಎಂದು ಪೂರ್ತಿ ದಿನ ಕೇಳುವವರೂ ಇದ್ದಾರೆ. ಸಂಬಳದ ಮಾತನ್ನೂ ಆಗಲೇ ಸ್ಪಷ್ಟಪಡಿಸಿ ಮಿಂಚಂಚೆಯಲ್ಲಿ ಬರೆದುಕೊಡುವುದು ಲೇಸು. ದುಃಖದಲ್ಲಿ ಕೇಳಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. 7,80,000 ಎಂಬುದನ್ನು 8,70,000 ಎಂದು ಓದಿಕೊಳ್ಳುವಷ್ಟು ಗಮನ ಚದುರಿರುತ್ತದೆ. ಹಾಗಾಗಿ ಕೆಲವು ವಾರ ಅವರ ಲೆಕ್ಕವನ್ನು ಇನ್ನೊಬ್ಬರು ನೋಡಬೇಕು.

ಹಾಗೆಂದು ಎಲ್ಲ ಕೆಲಸ ಕಿತ್ತುಕೊಂಡರೆ 'ನಾನು ಇಲ್ಲಿ ಬೇಡವಾದೆ' ಎನಿಸುತ್ತದೆ. 2015ರಲ್ಲಿ ಪತಿಯನ್ನು ಕಳೆದುಕೊಂಡ ಶೆರಿಲ್ ಸ್ಯಾಂಡ್‌ಬರ್ಗ್ ಆಗ ಫೇಸ್‌ಬುಕ್‌ನ ಉನ್ನತಾಧಿಕಾರಿ. ಮರಳಿ ಬಂದು ಸಭೆಯಲ್ಲಿ ತಡವರಿಸಿದ ಅವರಿಗೆ ಮಾರ್ಕ್ ಝುಕರ್‌ಬರ್ಗ್ ಮನೆಗೆ ಹೋಗಿ ಎನ್ನುವುದಷ್ಟೇ ಅಲ್ಲದೆ, ಅದೇ ಸಭೆಯಲ್ಲಿ ಅವರು ಹೇಳಿದ ಒಳ್ಳೆಯ ಅಂಶಗಳನ್ನೂ ಎತ್ತಿ ಹೇಳಿದ್ದರಂತೆ. ಹೆಚ್ಚು ನೆರವಾದದ್ದು ಅದೇ ಎಂದು ಆಕೆ ಬರೆದುಕೊಂಡಿದ್ದಾರೆ.

ಎರಡು ವಾರದ ನಂತರದ ಮಾತುಕತೆಯಲ್ಲಿ ಬೇರೆ ಸಂಗತಿಗಳು ಬರುತ್ತವೆ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಬ್ಯಾಂಕು, ವಿಮೆ: ಇವೆಲ್ಲ ಕಚೇರಿ ವೇಳೆಯಲ್ಲೇ ತೆರೆದಿರುವ ಬಾಗಿಲುಗಳು. ವಾರಕ್ಕೊಂದು ಬೆಳಗ್ಗೆ ಅದಕ್ಕೆ ಬಿಟ್ಟುಕೊಡಬೇಕು. ಪ್ರತಿ ತಿಂಗಳ ಮಾಸಿಕದ ತಿಥಿಯನ್ನೂ ಗುರುತು ಹಾಕಿಕೊಳ್ಳಬೇಕು. ತಿಂಗಳುಗಳು ಕಳೆದರೂ ಊಟ, ನಿದ್ದೆ, ಕೆಲಸ ಯಾವುದೂ ಹಿಡಿತಕ್ಕೆ ಬಾರದಿದ್ದರೆ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಡಬಹುದು. ಆಪ್ತಸಮಾಲೋಚನೆ ಮ್ಯಾನೇಜರ್ ಕೆಲಸವಲ್ಲ.

ಮ್ಯಾನೇಜರ್ ಕೆಲಸ ಕಡತದಲ್ಲಿದೆ. ಮಾರ್ಚ್‌ನ ಮೌಲ್ಯಮಾಪನದ ಹೊತ್ತಿಗೆ ಅವರೇ ಬೇರೆ ವಿಭಾಗಕ್ಕೆ ಹೋಗಿರಬಹುದು. ಆ ವಾರಗಳಲ್ಲಿ ಕೆಲಸ ಕಡಿಮೆ ಮಾಡಿದ್ದು ಕಚೇರಿಯ ಒಪ್ಪಿಗೆಯಿಂದಲೇ ಎಂಬ ಟಿಪ್ಪಣಿ ಇಲ್ಲದಿದ್ದರೆ, ಹೊಸಬರ ಕಣ್ಣಿಗೆ ಕಾಣುವುದು ಇಳಿದ ಅಂಕಿ ಮಾತ್ರ.