‘ಬೇಡ’ ಎಂದವರ ಲೆಕ್ಕ

ವಿಮಾ ಏಜೆಂಟ್ ಆದ ಹೊಸತರಲ್ಲಿ ನೆಂಟರು, ಗೆಳೆಯರು ಒಂದೆರಡು ಪಾಲಿಸಿ ಮಾಡಿಸುತ್ತಾರೆ. ಪರಿಚಯದವರ ಪಟ್ಟಿ ಮುಗಿದಾಗ ನಿಜವಾದ ಕೆಲಸ ಶುರು. ಸಂಬಳವಿಲ್ಲದ ಈ ಕಸುಬಿನಲ್ಲಿ ಪ್ರತಿ ‘ಬೇಡ’ವೂ ಕೈತಪ್ಪಿದ ದುಡ್ಡಿನಂತೆ ಚುಚ್ಚುತ್ತದೆ. ಅದಕ್ಕೇ ದಿನದ ಗುರಿಯನ್ನು ಪಾಲಿಸಿಗಳಲ್ಲಿ ಅಳೆಯಬಾರದು, ಕರೆಗಳಲ್ಲಿ ಅಳೆಯಬೇಕು. ಕರೆ ಮಾಡುವುದು ನಮ್ಮ ಕೈಯಲ್ಲಿದೆ, ಸಹಿ ಹಾಕುವುದು ಅವರ ಕೈಯಲ್ಲಿ.

ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗೆ 20 ಕರೆ ಎಂದಿಟ್ಟುಕೊಳ್ಳಿ. ಪ್ರತಿಯೊಂದರ ಮುಂದೆಯೂ ಡೈರಿಯಲ್ಲಿ ಒಂದೇ ಸಾಲು: ಎತ್ತಲಿಲ್ಲ, ಬೇಡ ಎಂದರು, ಆಮೇಲೆ ನೋಡೋಣ ಎಂದರು, ಭೇಟಿಗೆ ಒಪ್ಪಿದರು. ‘ಬೇಡ’ ಎಂದವರ ಕಾರಣವನ್ನು ಅವರ ಮಾತಿನಲ್ಲೇ ಬರೆಯಬೇಕು. ‘ಆಮೇಲೆ’ ಎಂದವರಿಗೆ ತಾರೀಖು ಹಾಕಬೇಕು.

ತಿಂಗಳ ಕೊನೆಗೆ ಡೈರಿ ಮಾತಾಡುತ್ತದೆ. 480 ಕರೆಗೆ 24 ಭೇಟಿ, 3 ಪಾಲಿಸಿ ಆಗಿದ್ದರೆ, ಒಂದು ಪಾಲಿಸಿಯ ಹಿಂದೆ ಸುಮಾರು 160 ಕರೆಗಳಿವೆ. ಹಾಗಾದರೆ ಇವತ್ತಿನ ಹತ್ತೊಂಬತ್ತು ನಿರಾಕರಣೆಗಳು ಸೋಲಲ್ಲ, ದಾರಿಯ ಖರ್ಚು. ಆದರೆ ಎಲ್ಲವನ್ನೂ ಹೀಗೆ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಭೇಟಿಯೇ ಸಿಗದಿದ್ದರೆ ಫೋನಿನಲ್ಲಿ ಆಡುವ ಮೊದಲ ಮಾತು ಸರಿಯಿಲ್ಲ. ಭೇಟಿ ಸಾಕಷ್ಟಿದ್ದೂ ಸಹಿ ಬೀಳದಿದ್ದರೆ, ಅವರ ಸಾಲ, ಮಕ್ಕಳ ಓದು, ಆದಾಯ ಕೇಳುವ ಮೊದಲೇ ಪ್ಲಾನ್ ವಿವರಿಸುತ್ತಿದ್ದೀರಿ.

ನಿರಾಕರಣೆಗೆ ಹೆದರಿ ಒತ್ತಾಯಿಸಿ ಮಾರುವುದು ಇನ್ನೂ ಕೆಟ್ಟದ್ದು. ಅಂಥವರು ಮರುವರ್ಷ ಪ್ರೀಮಿಯಂ ಕಟ್ಟುವುದಿಲ್ಲ. ಪಾಲಿಸಿ ಲ್ಯಾಪ್ಸ್ ಆಗುತ್ತದೆ, ನವೀಕರಣದ ಕಮಿಷನ್ನೂ ನಿಲ್ಲುತ್ತದೆ.