ಸರ್ಕಾರಿ ಆದೇಶ ಇಂಗ್ಲಿಷಿಗೆ ಹೋಗುವಾಗ

ಸರ್ಕಾರದ ಕನ್ನಡ ಆದೇಶವೊಂದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋಗುವವರು ಅದರ ಇಂಗ್ಲಿಷ್ ಅನುವಾದವನ್ನೂ ಜೊತೆಗಿಡಬೇಕಾಗುತ್ತದೆ. ಇಲ್ಲಿ ಭಾಷೆಯಷ್ಟೇ ಅಲ್ಲ, ಆದೇಶದ ಅಂಗಾಂಗಗಳೂ ಇದ್ದ ಜಾಗದಲ್ಲೇ ಉಳಿಯಬೇಕು.

ರಾಜ್ಯದ ಆದೇಶ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹದಿಂದ ಶುರುವಾಗುತ್ತದೆ. ಅದರ ಕೆಳಗೆ ‘ವಿಷಯ’, ಬಳಿಕ ‘ಓದಲಾಗಿದೆ’ ಎಂದು ಹಿಂದಿನ ಆದೇಶ, ಪತ್ರಗಳ ಅಂಕಿತ ಪಟ್ಟಿ. ನಂತರ ಕಾರಣ ಹೇಳುವ ‘ಪ್ರಸ್ತಾವನೆ’, ಕೊನೆಗೆ ಸಂಖ್ಯೆ, ದಿನಾಂಕಗಳೊಡನೆ ಆದೇಶ. ಇಂಗ್ಲಿಷಿನಲ್ಲಿ ಇವಕ್ಕೆ ‘ಪ್ರೊಸೀಡಿಂಗ್ಸ್’, ‘ಸಬ್ಜೆಕ್ಟ್’, ‘ರೆಡ್’, ‘ಪ್ರಿಯಾಂಬಲ್’ ಎಂಬ ರೂಢಿಯ ಹೆಸರುಗಳಿವೆ. ಹೊಸದಾಗಿ ಹೆಸರಿಡುವ ಕೆಲಸವಿಲ್ಲ.

ತೊಡಕು ಅಂಕಿಗಳಲ್ಲಿದೆ. ಒಂದು ಮಾದರಿ ನೋಡೋಣ. ಗ್ರಂಥಾಲಯ ಕಟ್ಟಡದ ದುರಸ್ತಿಯ ಆದೇಶದಲ್ಲಿ ‘ಓದಲಾಗಿದೆ’ ಪಟ್ಟಿ ಹೀಗಿದೆ ಎನ್ನಿ: (1) ಕಟ್ಟಡ ಮಂಜೂರಾದ ಆದೇಶ, (2) ನಿರ್ದೇಶಕರ ಪತ್ರ, (3) ಅನುದಾನದ ಮಿತಿ ಹೇಳುವ ಇನ್ನೊಂದು ಆದೇಶ. ಪ್ರಸ್ತಾವನೆಯ ಎರಡನೇ ಕಂಡಿಕೆ, ‘ಮೇಲೆ ಓದಲಾದ (2)ರ ಪತ್ರದಲ್ಲಿ ನಿರ್ದೇಶಕರು 8 ಲಕ್ಷ ರೂಪಾಯಿ ಕೋರಿರುತ್ತಾರೆ’ ಎನ್ನುತ್ತದೆ. ಮೂರನೆಯದು, ‘(3)ರ ಆದೇಶದನ್ವಯ 5 ಲಕ್ಷಕ್ಕೆ ಮಿತಿಗೊಳಿಸಬಹುದು’ ಎನ್ನುತ್ತದೆ. ಅನುವಾದಕರು ಪಟ್ಟಿಯನ್ನು ದಿನಾಂಕದ ಕ್ರಮಕ್ಕೆ ತಿರುಗಿಸಿದರೆ (2), (3) ಅದಲುಬದಲಾಗಿ ಪ್ರಸ್ತಾವನೆಯ ಎರಡೂ ಮಾತುಗಳು ತಪ್ಪು ಕಾಗದವನ್ನು ತೋರಿಸುತ್ತವೆ. ‘(3)ರ ಆದೇಶ’ವನ್ನು ‘ಸದರಿ ಆದೇಶ’ ಎಂದು ಸರಳಗೊಳಿಸಿದರೂ ಕಷ್ಟ. ಪಟ್ಟಿಯಲ್ಲಿ ಆದೇಶಗಳು ಎರಡಿವೆ. ಯಾವುದು ಎಂದು ಓದುಗನಿಗೆ ತಿಳಿಯದು.

ಎರಡನೆಯ ತೊಡಕು ಕನ್ನಡದ ಉದ್ದನೆಯ ವಾಕ್ಯದ್ದು. ‘ಕೋರಿರುವುದನ್ನು ಪರಿಶೀಲಿಸಿ, ಷರತ್ತುಗಳಿಗೊಳಪಟ್ಟು ಮಂಜೂರು ಮಾಡಿ ಆದೇಶಿಸಿದೆ’ ಎಂಬಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ವಾಕ್ಯ ಒಡೆಯಬಹುದು, ಆದರೆ ಒಂದೇ ಕಂಡಿಕೆಯೊಳಗೆ. ಷರತ್ತು ಮಂಜೂರಾತಿಗೇ ಅಂಟಿಕೊಂಡಿರಬೇಕು. ಮುಂದಿನ ವಾಕ್ಯಕ್ಕೆ ಜಾರಿದರೆ ಷರತ್ತಿಲ್ಲದೆ ಹಣ ಸಿಕ್ಕಂತೆ ಓದಿಕೊಳ್ಳಬಹುದು. ಪ್ರಸ್ತಾವನೆಯ ಕೋರಿಕೆ ಆದೇಶದ ಭಾಗದೊಳಗೆ ಬೆರೆತರಂತೂ ಕೇಳಿದ 8 ಲಕ್ಷವೇ ಕೊಟ್ಟ ಹಣವೆಂದು ತೋರೀತು.

ಆದೇಶ ಸಂಖ್ಯೆಯಲ್ಲಿ ‘ಆಇ’ ಎಂದರೆ ಆರ್ಥಿಕ ಇಲಾಖೆ. ಇಂಗ್ಲಿಷ್ ಆದೇಶಗಳಲ್ಲಿ ಅದು ‘ಎಫ್‌ಡಿ’. ಅಂಕಿ, ವರ್ಷ ಮಾತ್ರ ಬದಲಾಗವು. ಕೊನೆಯಲ್ಲಿ ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲನ್ನು ಶಿಷ್ಟಾಚಾರವೆಂದು ಬಿಡುವಂತಿಲ್ಲ. ಸಂವಿಧಾನದ 166ನೇ ವಿಧಿಯಂತೆ ರಾಜ್ಯದ ಕಾರ್ಯಾಂಗದ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲೇ ಹೊರಡಬೇಕು. ಅಧೀನ ಕಾರ್ಯದರ್ಶಿ ಸಹಿ ಹಾಕುವುದು ಆ ಸಾಲಿನ ಕೆಳಗೆ. ಅನುವಾದದಲ್ಲಿ ಅಲ್ಲಿ ‘ಸಹಿ/-’ ಎಂದು ಗುರುತಿಸಿದರೆ ಸಾಕು. ಅನುವಾದಕರ ದೃಢೀಕರಣ ಆದೇಶದ ಮೈಯೊಳಗೆ ಬಾರದೆ ಅದರ ಹೊರಗೆ, ಪ್ರತ್ಯೇಕವಾಗಿ ಇರಬೇಕು.

ಮುಗಿದ ಮೇಲೆ ಪರೀಕ್ಷೆ ಸುಲಭ. ಕನ್ನಡ ಬಾರದವರ ಕೈಗೆ ಇಂಗ್ಲಿಷ್ ಪ್ರತಿ ಕೊಟ್ಟು, ಯಾರು ಎಷ್ಟು ಕೇಳಿದರು, ಎಷ್ಟು ಸಿಕ್ಕಿತು, ಯಾವ ಕಾಗದದ ಆಧಾರದ ಮೇಲೆ ಎಂದು ಕೇಳಿ. ಮೂಲದ ಅದೇ ಕಂಡಿಕೆಯ ಸಂಖ್ಯೆ ಹೇಳಿ ಅವರು ಉತ್ತರಿಸಿದರೆ ಅನುವಾದ ಸರಿಯಾದ ದಾರಿಯಲ್ಲಿದೆ.